ಮೆಡಿಕಲ್ ಕೋಡಿಂಗ್ ಸರ್ಟಿಫಿಕೇಟ್ ಮತ್ತು ಮೊದಲ ಕೆಲಸ: ನಮ್ಮ ಜಿಲ್ಲೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿರಸಿ ಕಡೆಯವ. ಬೆಂಗಳೂರಿನಲ್ಲಿ ಕೆಲವು ವರ್ಷ ಕೋಡರ್ ಆಗಿದ್ದೆ. ಈಗ ಬೇರೆಯವರು ಹಾಕಿದ ಕೋಡ್ ಸರಿ ಇದೆಯಾ ಅಂತ ನೋಡುವ ಆಡಿಟರ್. ಊರಿಗೆ ಬಂದಾಗ ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಫೋನಿನಲ್ಲಿ ಬರುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರುವಿಗೆ

ಕೋಡಿಂಗ್ ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಬರೆಯೋದಾ? ನನ್ನ ಮಗಳಿಗೆ ಕಂಪ್ಯೂಟರ್ ಅಷ್ಟು ಬರೋದಿಲ್ಲ.

ಅಲ್ಲ. ಇಲ್ಲಿ ಪ್ರೋಗ್ರಾಂ ಇಲ್ಲ. ಡಾಕ್ಟರ್ ಬರೆದ ಟಿಪ್ಪಣಿಯನ್ನು ಓದಿ, ಅದರಲ್ಲಿರುವ ಕಾಯಿಲೆಗೂ ಚಿಕಿತ್ಸೆಗೂ ಗೊತ್ತುಮಾಡಿದ ಸಂಖ್ಯೆ ಹಾಕುವುದು ಕೆಲಸ. ನಮ್ಮ ಕಡೆಯ ಉದಾಹರಣೆಯನ್ನೇ ತಗೊಳ್ಳಿ. ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು 1957ರಲ್ಲಿ, ಸೊರಬದ ಕ್ಯಾಸನೂರು ಕಾಡಿನಲ್ಲಿ. ಹಾಗಾಗಿ ಅದರ ವೈದ್ಯಕೀಯ ಹೆಸರು ಕ್ಯಾಸನೂರು ಫಾರೆಸ್ಟ್ ಡಿಸೀಸ್. ಅದರ ಕೋಡ್ A98.2. ಸಿದ್ದಾಪುರದ ಡಾಕ್ಟರ್ ಬರೆದರೂ ಅದೇ, ಅಮೆರಿಕದ ಡಾಕ್ಟರ್ ಬರೆದರೂ ಅದೇ.

ಕಾಯಿಲೆಯ ಕೋಡ್ ಪಟ್ಟಿಗೆ ಐಸಿಡಿ ಅನ್ನುತ್ತಾರೆ. ಅಮೆರಿಕದವರು ಅದನ್ನು ತಮಗೆ ಬೇಕಾದಂತೆ ಬೆಳೆಸಿಕೊಂಡಿದ್ದಾರೆ, ಅದು ಐಸಿಡಿ-10-ಸಿಎಂ. ಡಾಕ್ಟರ್ ಮಾಡಿದ ಕೆಲಸದ ಕೋಡ್‌ಗಳು ಸಿಪಿಟಿ ಅನ್ನುವ ಬೇರೆ ಪುಸ್ತಕದಲ್ಲಿವೆ. ಆಂಬುಲೆನ್ಸ್, ಇಂಜೆಕ್ಷನ್ ಔಷಧಿ, ಊರುಗೋಲು ಇಂಥವಕ್ಕೆ ಎಚ್‌ಸಿಪಿಸಿಎಸ್ ಅನ್ನುವ ಮೂರನೆಯದು. ಈ ಕೋಡ್‌ಗಳನ್ನು ನೋಡಿ ಇನ್ಶೂರೆನ್ಸ್ ಕಂಪನಿ ಹಣ ಕೊಡುತ್ತದೆ. ಕೋಡ್ ತಪ್ಪಿದರೆ ಹಣ ಬರುವುದಿಲ್ಲ, ಇಲ್ಲವೇ ಬರಬಾರದ ಹಣ ಬರುತ್ತದೆ. ಎರಡನೆಯದು ಜಾಸ್ತಿ ಅಪಾಯ.

ಕಂಪ್ಯೂಟರಿನಲ್ಲಿ ಟೈಪ್ ಮಾಡಲು, ಎರಡು ಪರದೆ ನೋಡುತ್ತ ಕೆಲಸ ಮಾಡಲು ಬಂದರೆ ಸಾಕು. ಬೇಕಾದದ್ದು ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ. ಮಾತಾಡುವುದಕ್ಕಿಂತ ಓದುವುದು.

ಕಾರವಾರದಲ್ಲೋ ಶಿರಸಿಯಲ್ಲೋ ಈ ಕೆಲಸ ಸಿಗಲ್ವಾ? ಇಷ್ಟು ಆಸ್ಪತ್ರೆ ಇದ್ದಾವಲ್ಲ.

ಕೋಡರ್ ಅನ್ನುವ ಹುದ್ದೆ ನಮ್ಮ ಜಿಲ್ಲೆಯಲ್ಲಿ ಇಲ್ಲವೆಂದೇ ಇಟ್ಟುಕೊಳ್ಳಿ. ಕೋಡಿಂಗ್ ಕೆಲಸದ ಬಹುಪಾಲು ಅಮೆರಿಕದ ಆಸ್ಪತ್ರೆಗಳದ್ದು. ಅದನ್ನು ಮಾಡಿಕೊಡುವ ಕಂಪನಿಗಳು ಚೆನ್ನೈ, ಹೈದರಾಬಾದ್, ಬೆಂಗಳೂರಿನಂಥ ಊರುಗಳಲ್ಲಿವೆ.

ಇಲ್ಲಿನ ಆಸ್ಪತ್ರೆಗಳಲ್ಲಿ ಇರುವುದು ಮೆಡಿಕಲ್ ರೆಕಾರ್ಡ್ಸ್ ವಿಭಾಗ, ಎಲ್ಲರೂ ಎಂಆರ್‌ಡಿ ಅನ್ನುತ್ತಾರೆ. ಡಿಸ್‌ಚಾರ್ಜ್ ಆದ ರೋಗಿಯ ಫೈಲ್ ಜೋಡಿಸುವುದು, ಯಾವ ಹಾಳೆಗೆ ಡಾಕ್ಟರ್ ಸಹಿ ಬಿದ್ದಿಲ್ಲ ಅಂತ ಹುಡುಕಿ ಹಾಕಿಸುವುದು, ಪೊಲೀಸ್ ಕೇಸಿನ ಫೈಲ್ ಬೇರೆ ಬೀಗದಲ್ಲಿಡುವುದು, ಜನನ ಮರಣದ ಲೆಕ್ಕ ಕಳಿಸುವುದು ಅಲ್ಲಿನ ಕೆಲಸ. ರೋಗಿ ತನ್ನ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅನ್ನುವುದು ವೈದ್ಯಕೀಯ ಮಂಡಳಿಯ 2002ರ ನಿಯಮ. ಆ ಓಡಾಟವೂ ಇವರದ್ದೇ. ಈ ದಾರಿಗೆ ಪ್ಯಾರಾಮೆಡಿಕಲ್ ಬೋರ್ಡಿನ ಮೆಡಿಕಲ್ ರೆಕಾರ್ಡ್ಸ್ ಟೆಕ್ನಾಲಜಿ ಡಿಪ್ಲೊಮಾ ಇದೆ. ಪದವಿಯೇ ಬೇಕೆಂದರೆ ಮಣಿಪಾಲದಲ್ಲಿ ಹೆಲ್ತ್ ಇನ್ಫರ್ಮೇಶನ್ ಮ್ಯಾನೇಜ್‌ಮೆಂಟ್ ಬಿ.ಎಸ್ಸಿ ಇದೆ. ಇನ್ಶೂರೆನ್ಸ್ ಡೆಸ್ಕ್, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಕ್ಲೇಮ್ ಕೆಲಸ ಇದರ ಪಕ್ಕದಲ್ಲೇ ಬರುತ್ತದೆ.

ಊರು ಬಿಡಲಿಕ್ಕೆ ಆಗದವರಿಗೆ ನಾನು ಈ ಎರಡನೆಯ ದಾರಿಯನ್ನೇ ಹೇಳುತ್ತೇನೆ. ಅಮೆರಿಕದ ಸರ್ಟಿಫಿಕೇಟ್ ಹಿಡಿದು ಎಂಆರ್‌ಡಿಗೆ ಹೋದರೆ ಅಲ್ಲಿ ಅದಕ್ಕೆ ಬೆಲೆ ಇಲ್ಲ. ಡಿಪ್ಲೊಮಾ ಹಿಡಿದು ಬೆಂಗಳೂರಿನ ಕೋಡಿಂಗ್ ಕಂಪನಿಗೆ ಹೋದರೂ ಅಲ್ಲಿನ ಪರೀಕ್ಷೆ ಹೊಸದಾಗಿಯೇ ಬರೆಯಬೇಕು.

ನಾನು ಬಿ.ಕಾಂ. ನನಗೆ ಆಗುತ್ತಾ?

ಪರೀಕ್ಷೆಗೆ ಕೂರಲು ಅಡ್ಡಿಯಿಲ್ಲ, ಸಿಪಿಸಿ ಅನ್ನುವ ಕೋಡಿಂಗ್ ಸರ್ಟಿಫಿಕೇಟಿಗೆ ಇಂಥದ್ದೇ ಪದವಿ ಬೇಕು ಅಂತ ಇಲ್ಲ. ಕೆಲಸ ಕೊಡುವವರು ಮಾತ್ರ ಕೇಳುತ್ತಾರೆ. ಫ್ರೆಶರ್‌ಗಳನ್ನು ಕರೆಯುವಾಗ ಜೀವಶಾಸ್ತ್ರದ ಬಿ.ಎಸ್ಸಿ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಬಿಎಎಂಎಸ್ ಅಂತ ಬರೆದಿರುತ್ತಾರೆ. ಬಿ.ಕಾಂ ಆದವರನ್ನು ಅದೇ ಕಂಪನಿಗಳು ಎಆರ್ ಕಾಲಿಂಗ್‌ಗೆ ಕರೆಯುತ್ತವೆ. ಹಣ ಕೊಡದ ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ ಯಾಕೆ ಕೊಟ್ಟಿಲ್ಲ ಅಂತ ಕೇಳುವ ಕೆಲಸ ಅದು. ಅಮೆರಿಕದ ಹಗಲು ನಮ್ಮ ರಾತ್ರಿ, ಹಾಗಾಗಿ ರಾತ್ರಿ ಪಾಳಿ. ಅಲ್ಲಿಂದ ಒಳಗೊಳಗೇ ಕೋಡಿಂಗ್‌ಗೆ ಬಂದವರನ್ನು ನೋಡಿದ್ದೇನೆ, ಆದರೆ ಅವರು ಬೆರಳೆಣಿಕೆಯಷ್ಟು.

## ಸರ್ಟಿಫಿಕೇಟ್ ವಿಷಯ

ಸಿಪಿಸಿ, ಸಿಸಿಎ, ಸಿಸಿಎಸ್, ಆರ್‌ಎಚ್‌ಐಟಿ... ತಲೆ ತಿರುಗುತ್ತೆ. ಯಾವುದು ಮಾಡಲಿ?

ಕೊಡುವ ಸಂಸ್ಥೆಗಳು ಮುಖ್ಯವಾಗಿ ಎರಡು, ಎರಡೂ ಅಮೆರಿಕದವು. ಎಎಪಿಸಿ ಕೊಡುವುದು ಸಿಪಿಸಿ. ಅಹಿಮಾ ಕೊಡುವುದು ಸಿಸಿಎ, ಸಿಸಿಎಸ್, ಆರ್‌ಎಚ್‌ಐಟಿ ಮೊದಲಾದವು.

ಆರ್‌ಎಚ್‌ಐಟಿ ಮರೆತುಬಿಡಿ. ಅದಕ್ಕೆ ಅಲ್ಲಿನ ಮಾನ್ಯತೆ ಪಡೆದ ಕಾಲೇಜಿನ ಡಿಗ್ರಿ ಬೇಕು. ಇಲ್ಲಿನ ಯಾವುದೋ ಕ್ಲಾಸಿನವರು ಆರು ತಿಂಗಳಲ್ಲಿ ಆರ್‌ಎಚ್‌ಐಟಿ ಮಾಡಿಸುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ. ಸಿಸಿಎಸ್ ಒಳರೋಗಿಗಳ ಕೋಡಿಂಗ್ ಆಳವಾಗಿ ಬಲ್ಲವರಿಗೆ, ಕೆಲಸ ಮಾಡಿದ ಮೇಲೆ. ಸಿಸಿಎ ಶುರುವಿನವರಿಗೇ ಇರುವುದು, ಆದರೆ ನಮ್ಮ ಕಂಪನಿಗಳ ಜಾಹೀರಾತಿನಲ್ಲಿ ಅದರ ಹೆಸರಿಗಿಂತ ಸಿಪಿಸಿ ಹೆಸರು ಜಾಸ್ತಿ ಕಾಣುತ್ತದೆ. ಆದ್ದರಿಂದ ನನ್ನ ಉತ್ತರ ಸಿಪಿಸಿ.

ಇನ್ನೊಂದು ಮಾತು. ಸರ್ಟಿಫಿಕೇಟ್ ಇಲ್ಲದೆಯೂ ಫ್ರೆಶರ್‌ಗಳನ್ನು ತಗೊಂಡು ತಾವೇ ಕಲಿಸುವ ಕಂಪನಿಗಳಿವೆ. ಅಂಥ ಕಡೆ ಸೀಟು ಸಿಕ್ಕರೆ ಮೊದಲು ಸೇರಿಕೊಳ್ಳಿ, ಸಿಪಿಸಿ ಆಮೇಲೆ ಬರೆಯಿರಿ. ದಿನವೂ ಚಾರ್ಟ್, ಅಂದರೆ ರೋಗಿಯ ದಾಖಲೆ, ನೋಡುತ್ತ ಓದಿದವರಿಗೆ ಆ ಪರೀಕ್ಷೆ ಅರ್ಧ ಹಗುರ.

ಸಿಪಿಸಿ ಪರೀಕ್ಷೇಲಿ ಪುಸ್ತಕ ನೋಡಿ ಬರೀಬಹುದಂತೆ. ಹಾಗಾದರೆ ಸುಲಭ ಅಲ್ವಾ?

ಪುಸ್ತಕ ತೆರೆದಿಟ್ಟು ಬರೆಯುವುದು ನಿಜ. ಪ್ರಶ್ನೆ 100, ಸಮಯ 4 ಗಂಟೆ, ಪಾಸಾಗಲು 70. ಅಂದರೆ ಒಂದು ಪ್ರಶ್ನೆಗೆ ಎರಡೂವರೆ ನಿಮಿಷವೂ ಇಲ್ಲ. ಕೆಲವು ಪ್ರಶ್ನೆಗಳು ಅರ್ಧ ಪುಟದ ಆಪರೇಶನ್ ಟಿಪ್ಪಣಿ. ಅದನ್ನು ಓದಿ, ದಪ್ಪ ದಪ್ಪ ಮೂರು ಪುಸ್ತಕದಲ್ಲಿ ಹುಡುಕಿ, ನಾಲ್ಕು ಉತ್ತರದಲ್ಲಿ ಒಂದು ಆರಿಸಬೇಕು. ಪುಸ್ತಕದಲ್ಲಿ ಎಲ್ಲಿದೆ ಅಂತ ಕೈಗೆ ಗೊತ್ತಿರದವರಿಗೆ ಅರವತ್ತನೇ ಪ್ರಶ್ನೆಗೇ ಗಂಟೆ ಬಾರಿಸುತ್ತದೆ.

ಬಲ್ಲವರು ನಾಲ್ಕೂ ಉತ್ತರಗಳನ್ನು ಮೊದಲು ನೋಡುತ್ತಾರೆ. ಎರಡು ಉತ್ತರದಲ್ಲಿ ಒಂದೇ ಕೋಡ್ ಇದ್ದು ಬಲ ಎಡ ಮಾತ್ರ ಬೇರೆ ಇದ್ದರೆ, ಟಿಪ್ಪಣಿಯಲ್ಲಿ ಹುಡುಕಬೇಕಾದದ್ದು ಬಲವೋ ಎಡವೋ ಅನ್ನುವುದೊಂದೇ.

ಪುಸ್ತಕ ಕೊಳ್ಳುವಾಗ ವರ್ಷ ನೋಡಿ. ಕಾಯಿಲೆಯ ಕೋಡ್‌ಗಳು ಪ್ರತಿ ಅಕ್ಟೋಬರ್ 1ಕ್ಕೆ, ಸಿಪಿಟಿ ಪ್ರತಿ ಜನವರಿ 1ಕ್ಕೆ ಬದಲಾಗುತ್ತವೆ. ಕೆಮ್ಮಿಗೆ ಮೊದಲು R05 ಅಂತ ಬರೆದರೆ ಸಾಕಿತ್ತು, 2021ರ ಅಕ್ಟೋಬರಿನಿಂದ ಅದು ತುಂಡಾಗಿ R05.9 ಮೊದಲಾದವು ಬಂದವು. ಅಣ್ಣನ ಹಳೇ ಪುಸ್ತಕ ಓದಿ ಅಭ್ಯಾಸ ಮಾಡಬಹುದು, ಪರೀಕ್ಷೆಗೆ ಒಯ್ಯಬೇಡಿ.

ಪಾಸಾದೆ. ಆದರೆ ಸಿಪಿಸಿ ಬದಲು ಸಿಪಿಸಿ-ಎ ಅಂತ ಬಂದಿದೆ. ಏನೋ ಕಡಿಮೆ ಬಿತ್ತಾ?

ಏನೂ ಕಡಿಮೆ ಬಿದ್ದಿಲ್ಲ. ಎ ಅಂದರೆ ಅಪ್ರೆಂಟಿಸ್, ಅನುಭವ ಇಲ್ಲದವರು. ಎರಡು ವರ್ಷ ಕೋಡಿಂಗ್ ಕೆಲಸ ಮಾಡಿದ ಪತ್ರ ಕಳಿಸಿದರೆ ಆ ಅಕ್ಷರ ತೆಗೆಯುತ್ತಾರೆ. 80 ಗಂಟೆಯ ಕೋಡಿಂಗ್ ತರಗತಿ ಮಾಡಿದ್ದಕ್ಕೆ ದಾಖಲೆ ಇದ್ದರೆ ಅದು ಒಂದು ವರ್ಷಕ್ಕೆ ಸಮ. ಆದ್ದರಿಂದ ಕ್ಲಾಸಿನವರ ಹತ್ತಿರ ಗಂಟೆ ನಮೂದಿಸಿದ ಪತ್ರ ಮೊದಲೇ ಬರೆಸಿಕೊಳ್ಳಿ.

ಇಲ್ಲಿಗೆ ಖರ್ಚು ಮುಗಿಯುವುದಿಲ್ಲ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಸರ್ಟಿಫಿಕೇಟ್ ಜೀವಂತ ಇರಬೇಕಾದರೆ ವರ್ಷ ವರ್ಷ ಸದಸ್ಯತ್ವ ಕಟ್ಟಬೇಕು. ಎರಡು ವರ್ಷಕ್ಕೊಮ್ಮೆ 36 ಕಲಿಕೆಯ ಅಂಕ ತೋರಿಸಬೇಕು.

ಕ್ಲಾಸಿನವರು ನೂರಕ್ಕೆ ನೂರು ಕೆಲಸ ಗ್ಯಾರಂಟಿ ಅಂತಾರೆ. ನಂಬಬಹುದಾ?

ನಾನು ನಂಬಿದ್ದೆ. ಒಂದು ನಗರದ ಕ್ಲಾಸಿಗೆ ಅಪ್ಪಯ್ಯ ಅಡಿಕೆ ಮಾರಿದ ದುಡ್ಡು ಕಟ್ಟಿದ್ದರು. ಮೂರು ತಿಂಗಳು ಕಲಿಸಿದರು, ಕೊನೆಗೆ ಬಣ್ಣದ ಒಂದು ಸರ್ಟಿಫಿಕೇಟ್ ಕೊಟ್ಟರು. ಅದರ ಮೇಲೆ ‘ಸರ್ಟಿಫೈಡ್ ಕೋಡರ್’ ಅಂತ ಇತ್ತು. ಮೊದಲ ಇಂಟರ್‌ವ್ಯೂನಲ್ಲಿ ಆ ಮೇಡಂ ಸದಸ್ಯತ್ವದ ನಂಬರ್ ಕೇಳಿದರು. ಯಾವ ನಂಬರ್ ಅಂತ ನನಗೆ ಗೊತ್ತೇ ಇರಲಿಲ್ಲ. ಅದು ಕ್ಲಾಸಿನವರು ತಾವೇ ಪ್ರಿಂಟ್ ಹಾಕಿಸಿದ ಹಾಳೆ. ಗ್ಯಾರಂಟಿಯ ಕೆಲಸ ಅಂದರೆ ಐದಾರು ಕಂಪನಿಯ ವಿಳಾಸ ವಾಟ್ಸಾಪ್ ಮಾಡಿದ್ದು, ಅಷ್ಟೇ.

ಹಣ ಕಟ್ಟುವ ಮೊದಲು ಮೂರು ಕೇಳಿ. ಕೊನೆಯಲ್ಲಿ ಕೊಡುವ ಸರ್ಟಿಫಿಕೇಟ್ ಎಎಪಿಸಿಯದ್ದಾ, ನಿಮ್ಮದಾ? ಪರೀಕ್ಷೆ ಶುಲ್ಕ, ಸದಸ್ಯತ್ವ, ಪುಸ್ತಕ ಈ ಫೀಸಿನ ಒಳಗಿದೆಯಾ, ಹೊರಗಾ? ಇವು ಡಾಲರ್ ಲೆಕ್ಕದಲ್ಲಿ ಬರುತ್ತವೆ, ಕ್ಲಾಸಿನ ಫೀಸಿನಷ್ಟೇ ಆಗಿಬಿಡಬಹುದು. ಮೂರನೆಯದು, ಕಲಿಸುವ ಮೇಷ್ಟ್ರು ತಾವೇ ಸಿಪಿಸಿ ಆಗಿದ್ದಾರಾ? aapc.com ನಲ್ಲಿ ಸರ್ಟಿಫಿಕೇಟ್ ಅಸಲಿಯಾ ಅಂತ ನೋಡುವ ಪುಟ ಇದೆ. ಮೇಷ್ಟ್ರ ಎದುರೇ ತೆರೆದು ನೋಡಿ. ಬೇಜಾರಾದರೆ ಆಗಲಿ.

## ಕೆಲಸ ಹೇಗಿರುತ್ತದೆ

ಒಂದು ಚಾರ್ಟ್ ಕೋಡ್ ಮಾಡೋದು ಅಂದರೆ ನಿಜಕ್ಕೂ ಏನು ಮಾಡ್ತೀರಿ? ಒಂದು ಉದಾಹರಣೆ ಹೇಳಿ.

ಅಮೆರಿಕದ ಚಾರ್ಟ್ ಬದಲು ನಮಗೆ ಕಣ್ಣಿಗೆ ಕಟ್ಟುವ ಕಥೆ ಹೇಳುತ್ತೇನೆ, ಕೋಡ್‌ಗಳು ಮಾತ್ರ ಅಲ್ಲಿನವು. ಒಬ್ಬ ಕೊನೆಗೌಡ ಕೂಲಿಗೆ ಅಡಿಕೆ ಕೊನೆ ಇಳಿಸುತ್ತಿದ್ದಾಗ ಮರದಿಂದ ಜಾರಿ ಬಿದ್ದ. ಬಲಗೈ ಊರಿದ, ಮಣಿಕಟ್ಟು ಮುರಿಯಿತು. ಡಾಕ್ಟರ್ ಎಕ್ಸ್‌ರೇ ನೋಡಿ, ‘ಬಲ ರೇಡಿಯಸ್ ಮೂಳೆಯ ಕೆಳತುದಿ ಮುರಿದಿದೆ’ ಅಂತ ಬರೆದರು. ಮೂಳೆಯನ್ನು ಕೈಯಿಂದಲೇ ಎಳೆದು ಕೂರಿಸಿ ಮೊಣಕೈ ಕೆಳಗಿನಿಂದ ಪ್ಲಾಸ್ಟರ್ ಹಾಕಿದರು.

ಕಾಯಿಲೆಯ ಕೋಡ್ S52.501A. ಇದನ್ನು ಬಿಡಿಸಿ ನೋಡಿ. S52 ಅಂದರೆ ಮುಂಗೈ ಮೂಳೆ ಮುರಿತ. ಮುಂದಿನ 50 ಅಂದರೆ ರೇಡಿಯಸ್‌ನ ಕೆಳತುದಿ, ಯಾವ ಬಗೆಯ ಮುರಿತ ಅಂತ ಹೇಳಿಲ್ಲ. 1 ಅಂದರೆ ಬಲ. ಎಡ ಆಗಿದ್ದರೆ 2. ಕೊನೆಯ A ಅಂದರೆ ಮುರಿತಕ್ಕೆ ಈಗ ಚಿಕಿತ್ಸೆ ನಡೆಯುತ್ತಿದೆ, ಗಾಯ ತೆರೆದಿಲ್ಲ. ಮೂಳೆ ಚರ್ಮ ಸೀಳಿ ಹೊರಬಂದಿದೆಯಾ ಇಲ್ಲವಾ ಅಂತ ಡಾಕ್ಟರ್ ಬರೆಯದಿದ್ದರೆ, ಬಂದಿಲ್ಲ ಅಂತಲೇ ತಗೊಳ್ಳಬೇಕು. ಇದು ನಿಯಮ.

ಈಗ ಡಾಕ್ಟರ್ ‘ಕೋಲಿಸ್ ಫ್ರಾಕ್ಚರ್’ ಅನ್ನುವ ಒಂದು ಮಾತು ಸೇರಿಸಿ ಬರೆದಿದ್ದರು ಅಂತಿಟ್ಟುಕೊಳ್ಳಿ. ಕೈ ಊರಿ ಬಿದ್ದಾಗ ಆಗುವ ಮುರಿತದ ಹೆಸರು ಅದು. ಕೋಡ್ S52.531A ಆಗುತ್ತದೆ. ಆ ಒಂದು ಪದವನ್ನು ಕಣ್ಣು ತಪ್ಪಿಸಿಕೊಂಡರೆ ಆಡಿಟರ್ ಹಿಡಿಯುತ್ತಾನೆ.

ಆಮೇಲೆ ಹೇಗೆ ಬಿದ್ದ ಅನ್ನುವ ಕೋಡ್‌ಗಳು. ಮರದಿಂದ ಬಿದ್ದದ್ದು W14.XXXA. ನಡುವಿನ ಮೂರು X ಯಾಕೆ ಅಂದರೆ, ಕೊನೆಯ ಅಕ್ಷರ ಏಳನೇ ಜಾಗದಲ್ಲೇ ಕೂರಬೇಕು. ಖಾಲಿ ಜಾಗಕ್ಕೆ X ತುಂಬುತ್ತಾರೆ. ಹೊಸಬರು W14A ಅಂತ ಬರೆದುಬಿಡುತ್ತಾರೆ, ಕಂಪ್ಯೂಟರ್ ತಗೊಳ್ಳುವುದೇ ಇಲ್ಲ. ಬಿದ್ದ ಜಾಗ ತೋಟ, Y92.74. ಕೂಲಿಗೆ ಮಾಡುತ್ತಿದ್ದ ಕೆಲಸ, Y99.0.

ಡಾಕ್ಟರ್ ಮಾಡಿದ ಕೆಲಸದ ಕೋಡ್ ಸಿಪಿಟಿಯಿಂದ. ಕೊಯ್ಯದೆ, ಮೂಳೆ ಎಳೆದು ಕೂರಿಸಿದ್ದಕ್ಕೆ 25605. ಎಳೆಯದೆ ಬರೀ ಪ್ಲಾಸ್ಟರ್ ಹಾಕಿ ಮುರಿತ ನೋಡಿಕೊಂಡಿದ್ದರೆ 25600. ಬಲಗೈ ಅಂತ ತೋರಿಸಲು RT ಸೇರಿಸುತ್ತೇವೆ. ಹೊಸಬರು ಹೆಚ್ಚು ಎಡವುವುದು ಇಲ್ಲಿ. ಪ್ಲಾಸ್ಟರ್ ಹಾಕಿದ್ದಕ್ಕೆ ಬೇರೆ ಕೋಡ್ ಇದೆ, 29075. ಹಾಕಿದ್ದಂತೂ ಹೌದು, ಅದನ್ನೂ ಸೇರಿಸೋಣ ಅನ್ನಿಸುತ್ತದೆ. ಸೇರಿಸಬಾರದು. ಅದೇ ಡಾಕ್ಟರ್ ಮುರಿತದ ಚಿಕಿತ್ಸೆಗೆ ಹಣ ಕೇಳಿದಾಗ ಮೊದಲ ಪ್ಲಾಸ್ಟರ್ ಅದರೊಳಗೇ ಸೇರಿದೆ. ಊಟದ ದುಡ್ಡು ತಗೊಂಡು ಬಾಳೆಲೆಗೆ ಬೇರೆ ದುಡ್ಡು ಕೇಳಿದ ಹಾಗೆ ಅದು.

ಆರು ವಾರದ ಮೇಲೆ ಅವನು ಮೂಳೆ ಕೂಡಿದೆಯಾ ಅಂತ ತೋರಿಸಲು ಬಂದರೆ ಕೊನೆಯ A ಹೋಗಿ D ಬರುತ್ತದೆ. A ಅಂದರೆ ಮೊದಲ ಸಲ ಬಂದದ್ದು, D ಅಂದರೆ ಎರಡನೇ ಸಲ ಅಂತ ಬಹಳ ಜನ ಬಾಯಿಪಾಠ ಮಾಡಿರುತ್ತಾರೆ. ಹಾಗಲ್ಲ. ಕೊನೆಗೌಡನಿಗೆ ಮಾರನೇ ದಿನ ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಶನ್ ಆದರೆ ಅಲ್ಲೂ A. ಮುರಿತಕ್ಕೆ ಚಿಕಿತ್ಸೆ ಇನ್ನೂ ನಡೆಯುತ್ತಿದ್ದರೆ A, ಅದು ಮುಗಿದು ಮಾಯುತ್ತಿದ್ದರೆ D.

ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ?

ಫ್ರೆಶರ್ ಆದರೆ ಮೊದಲು ಬರಹದ ಪರೀಕ್ಷೆ. ಮೂಳೆಗಳ ಹೆಸರು, ಹೃದಯದಲ್ಲಿ ರಕ್ತ ಹರಿಯುವ ದಾರಿ, ಪದದ ಮುಂದೆ ಹಿಂದೆ ಸೇರುವ ತುಂಡುಗಳು. ಕೊನೆಗೆ ‘ಎಕ್ಟಮಿ’ ಬಂದರೆ ಕತ್ತರಿಸಿ ತೆಗೆದದ್ದು, ‘ಆಟಮಿ’ ಬಂದರೆ ಕೊಯ್ದು ತೆರೆದದ್ದು, ‘ಆಸ್ಟಮಿ’ ಬಂದರೆ ಹೊರಗೆ ಬಾಯಿ ಇಟ್ಟದ್ದು. ಅಕ್ಷರ ಒಂದೆರಡು ಬೇರೆ, ಆಪರೇಶನ್ನೇ ಬೇರೆ.

ಸಿಪಿಸಿ ಆದವರಿಗೆ ಎದುರು ಕೂರಿಸಿ ಕೇಳುವ ಪ್ರಶ್ನೆಗಳಲ್ಲಿ ಒಂದು ಯಾವಾಗಲೂ ಬರುತ್ತದೆ. ಕೆಮ್ಮು, ಜ್ವರ ಅಂತ ಹೊರರೋಗಿಯೊಬ್ಬ ಬಂದ. ಎದೆಯ ಎಕ್ಸ್‌ರೇ ಎರಡು ಕೋನದಿಂದ ತೆಗೆದರು. ರೇಡಿಯಾಲಜಿಸ್ಟ್ ಕೊನೆಗೆ ‘ಪ್ರಾಬಬಲ್ ನ್ಯುಮೋನಿಯಾ’ ಅಂತ ಬರೆದರು. ಏನು ಕೋಡ್ ಹಾಕುತ್ತೀಯ?

J18.9 ನ್ಯುಮೋನಿಯಾ ಅಂದರೆ ಅಲ್ಲಿಗೆ ಮುಗಿಯಿತು. ಹೊರರೋಗಿಗೆ ಪ್ರಾಬಬಲ್, ಸಸ್ಪೆಕ್ಟೆಡ್, ರೂಲ್ ಔಟ್ ಅಂತ ಬರೆದ ಯಾವ ಕಾಯಿಲೆಯನ್ನೂ ಕೋಡ್ ಮಾಡಬಾರದು. ಖಚಿತವಾಗಿ ಗೊತ್ತಿರುವುದನ್ನು ಮಾತ್ರ ಹಾಕಬೇಕು. ಇಲ್ಲಿ ಗೊತ್ತಿರುವುದು ಕೆಮ್ಮು R05.9, ಜ್ವರ R50.9. ಎಕ್ಸ್‌ರೇಗೆ 71046, ರಿಪೋರ್ಟ್ ಓದಿದ ಡಾಕ್ಟರ ಪಾಲಿಗಾದರೆ ಅದಕ್ಕೆ 26 ಅನ್ನುವ ಬಾಲ. ಯಾಕೆ ಹೀಗೆ ಅಂದರೆ, ಅನುಮಾನದ ಕಾಯಿಲೆಯನ್ನು ಬರೆದುಬಿಟ್ಟರೆ ಅದು ರೋಗಿಯ ಹೆಸರಿನಲ್ಲಿ ದಾಖಲೆಯಾಗಿ ಉಳಿಯುತ್ತದೆ. ಮಂಗನ ಕಾಯಿಲೆಯ ಅನುಮಾನ ಅಂತ ರಕ್ತ ಕಳಿಸಿದ ಎಲ್ಲರಿಗೂ A98.2 ಹಾಕಿದರೆ ಹೇಗಿರುತ್ತದೆ, ಯೋಚಿಸಿ.

ಜಾಣ ಇಂಟರ್‌ವ್ಯೂವರ್ ಅಲ್ಲಿಗೆ ಬಿಡುವುದಿಲ್ಲ. ಅದೇ ರೋಗಿ ಅಡ್ಮಿಟ್ ಆಗಿ, ಡಿಸ್‌ಚಾರ್ಜ್ ಸಮ್ಮರಿಯಲ್ಲೂ ‘ಪ್ರಾಬಬಲ್ ನ್ಯುಮೋನಿಯಾ’ ಅಂತಲೇ ಇದ್ದರೆ? ಆಗ ಆಸ್ಪತ್ರೆಯ ಕೋಡರ್ J18.9 ಹಾಕಬಹುದು. ಒಳರೋಗಿಗೆ ನಿಯಮ ತಿರುಗುತ್ತದೆ, ಏಕೆಂದರೆ ಆ ಕಾಯಿಲೆ ಇದೆ ಅಂದುಕೊಂಡೇ ಪರೀಕ್ಷೆ, ಔಷಧಿ, ಖರ್ಚು ಎಲ್ಲ ನಡೆದಿರುತ್ತದೆ. ಈ ಎರಡನ್ನೂ ಕಾರಣ ಸಮೇತ ಹೇಳಿದವರನ್ನು ನಾವು ಬಿಟ್ಟುಕೊಡುವುದಿಲ್ಲ.

95 ಪರ್ಸೆಂಟ್ ಬೇಕು ಅಂತಾರಲ್ಲ, ಅದು ಯಾವ ಲೆಕ್ಕ?

ನಿಮ್ಮ ಚಾರ್ಟ್‌ಗಳಲ್ಲಿ ಕೆಲವನ್ನು ಆರಿಸಿ ಆಡಿಟರ್ ಮತ್ತೆ ಕೋಡ್ ಮಾಡುತ್ತಾನೆ. ಅವುಗಳಲ್ಲಿ ಒಟ್ಟು 50 ಕೋಡ್ ಇದ್ದವು, ನಿಮ್ಮವು ಮೂರು ತಪ್ಪಿದವು ಅಂತಿಟ್ಟುಕೊಳ್ಳಿ. 47 ಸರಿ, ಅಂದರೆ 94. ಫೇಲ್. ಕಾಲೇಜಿನಲ್ಲಿ 94 ಬಂದರೆ ಬ್ಯಾನರ್ ಕಟ್ಟುತ್ತಿದ್ದರು. ಇಲ್ಲಿ ಕರೆದು ಕೂರಿಸಿ ಮಾತಾಡುತ್ತಾರೆ. ಬೇಡದ ಕೋಡ್ ಸೇರಿಸಿದ್ದೂ ತಪ್ಪು, ಬೇಕಾದ್ದು ಬಿಟ್ಟದ್ದೂ ತಪ್ಪು.

ಇದರ ಜೊತೆ ಎಣಿಕೆಯ ಟಾರ್ಗೆಟ್. ಎಕ್ಸ್‌ರೇ ರಿಪೋರ್ಟ್‌ಗಳಾದರೆ ಗಂಟೆಗೆ ಹತ್ತಾರು. ಒಳರೋಗಿಗಳ ಫೈಲ್ ಆದರೆ ಇಡೀ ದಿನಕ್ಕೇ ಹತ್ತಿಪ್ಪತ್ತು, ಏಕೆಂದರೆ ಒಂದೊಂದು ನೂರು ಪುಟ ದಾಟುತ್ತದೆ. ಹೊಸಬರಿಗೆ ಮೊದಲ ಕೆಲವು ವಾರ ಕಡಿಮೆ ಕೊಟ್ಟು ಮೆಲ್ಲಗೆ ಏರಿಸುತ್ತಾರೆ. ಬಿಟ್ಟು ಹೋಗುವವರು ಹೆಚ್ಚಾಗಿ ಈ ಏರಿಸುವ ಹೊತ್ತಿನಲ್ಲೇ ಹೋಗುತ್ತಾರೆ. ವೇಗಕ್ಕೆ ಬಿದ್ದರೆ ತಪ್ಪು ಜಾಸ್ತಿ, ತಪ್ಪಿಗೆ ಹೆದರಿದರೆ ಎಣಿಕೆ ಕಡಿಮೆ. ನನ್ನ ಸಲಹೆ, ಮೊದಲು ಸರಿ ಮಾಡಿ. ವೇಗ ಕೈಗೆ ತಾನೇ ಬರುತ್ತದೆ. ತಪ್ಪಿನ ಅಭ್ಯಾಸ ಬಿಡಿಸುವುದು ಕಷ್ಟ.

ಸಂಬಳ ಎಷ್ಟು? ರಾತ್ರಿ ಪಾಳಿ ಇರುತ್ತಾ?

ನಮ್ಮ ಕಡೆಯ ಹುಡುಗ ಹುಡುಗಿಯರು ನನಗೆ ತೋರಿಸಿದ ಮೊದಲ ಆಫರ್‌ಗಳು ತಿಂಗಳಿಗೆ ಕೈಗೆ 15ರಿಂದ 20 ಸಾವಿರದ ನಡುವೆ ಇದ್ದವು. ಬೆಂಗಳೂರಿನಲ್ಲಿ ಪಿಜಿ, ಊಟ, ಬಸ್ಸಿಗೆ ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ. ಮೊದಲ ವರ್ಷ ಮನೆಗೆ ಕಳಿಸುತ್ತೇನೆ ಅಂತ ಮಾತು ಕೊಡಬೇಡಿ. ಸಿಪಿಸಿ ಜೊತೆ ಎರಡು ಮೂರು ವರ್ಷ ಆದ ಮೇಲೆ ಕಂಪನಿ ಬದಲಿಸುವಾಗ ಏರಿಕೆ ಕಾಣುತ್ತದೆ. ಪಾಳಿ ಕೋಡರ್‌ಗಳಿಗೆ ಹೆಚ್ಚಾಗಿ ಹಗಲೇ, ಯಾರ ಜೊತೆಯೂ ಫೋನಿನಲ್ಲಿ ಮಾತಾಡಬೇಕಾಗಿಲ್ಲವಲ್ಲ.

ಮನೆಯಿಂದಲೇ ಮಾಡಬಹುದಂತೆ. ಹಾಗಾದರೆ ತೋಟ ನೋಡಿಕೊಂಡು ಇಲ್ಲೇ ಇರಬಹುದಲ್ಲ?

ಅನುಭವ ಆದವರಿಗೆ ಕೊಡುತ್ತಾರೆ, ಫ್ರೆಶರ್‌ಗೆ ಕಷ್ಟ. ಪಕ್ಕದಲ್ಲಿ ಕೇಳುವವರಿಲ್ಲದೆ ಕಲಿಯುವುದೂ ಆಗುವುದಿಲ್ಲ.

ಕೊಟ್ಟರೂ ನಮ್ಮ ಜಿಲ್ಲೆಯಲ್ಲಿ ಎರಡು ತೊಡಕಿವೆ. ಮೊದಲನೆಯದು ಮಳೆ. ಜೂನ್ ಹಿಡಿದರೆ ಮರ ಬಿದ್ದು ಕರೆಂಟ್ ಹೋಗುತ್ತದೆ, ಹಿಂದೆಯೇ ಇಂಟರ್‌ನೆಟ್. ಟಾರ್ಗೆಟ್‌ಗೆ ಮಳೆ ಗೊತ್ತಿಲ್ಲ. ನನ್ನ ಪರಿಚಯದ ಒಬ್ಬಳು ಯಲ್ಲಾಪುರದ ಹಳ್ಳಿಯಿಂದ ಮಾಡುತ್ತಾಳೆ. ಇನ್ವರ್ಟರ್ ಇದೆ, ಎರಡು ಬೇರೆ ಬೇರೆ ಕಂಪನಿಯ ಸಂಪರ್ಕ ಇದೆ. ಆದರೂ ಜುಲೈನಲ್ಲಿ ಪೇಟೆಯ ಚಿಕ್ಕಮ್ಮನ ಮನೆಗೆ ಹೋಗಿ ಕೂರುತ್ತಾಳೆ.

ಎರಡನೆಯದು ಗುಟ್ಟು ಕಾಯುವುದು. ರೋಗಿಯ ಮಾಹಿತಿಗೆ ಅಮೆರಿಕದಲ್ಲಿ 1996ರ ಹಿಪಾ ಕಾನೂನು ಇದೆ, ಕಂಪನಿ ಅದಕ್ಕೆ ಬದ್ಧ. ಬಾಗಿಲು ಹಾಕಿಕೊಳ್ಳುವ ಕೋಣೆ ಬೇಕು. ಪರದೆಯ ಫೋಟೋ ತೆಗೆಯುವ ಹಾಗಿಲ್ಲ. ನಮ್ಮ ಮನೆಗಳಲ್ಲಿ ಜಗುಲಿಯಲ್ಲಿ ಕೂತರೆ ಬಂದವರೆಲ್ಲ ಇಣುಕುತ್ತಾರೆ. ಆಫೀಸಿನಲ್ಲೂ ಅಷ್ಟೇ, ಹಲವು ಕಡೆ ಮೊಬೈಲ್ ಹೊರಗಿನ ಲಾಕರ್‌ನಲ್ಲಿಟ್ಟು ಒಳಗೆ ಹೋಗಬೇಕು.

## ಕೆಲಸಕ್ಕೆ ಸೇರಿದ ಮೇಲೆ

ನಾನು ಬಿಎಎಂಎಸ್. ಲ್ಯಾಬ್ ರಿಪೋರ್ಟ್ ನೋಡಿದರೇ ಕಾಯಿಲೆ ಗೊತ್ತಾಗುತ್ತೆ. ಕೋಡ್ ಹಾಕಿದರೆ ಆಡಿಟರ್ ಯಾಕೆ ತಪ್ಪು ಅಂತಾರೆ?

ಡಾಕ್ಟರು, ನರ್ಸುಗಳು ಕೋಡಿಂಗ್‌ಗೆ ಬಂದಾಗ ಸಿಟ್ಟು ಬರುವುದು ಇದೇ ಜಾಗದಲ್ಲಿ. ಎಚ್‌ಸಿಸಿ ಅನ್ನುವ ವಿಭಾಗಕ್ಕೆ ಹೊಸಬರನ್ನು ಜಾಸ್ತಿ ಹಾಕುತ್ತಾರೆ. ವಯಸ್ಸಾದ ರೋಗಿಗಳ ಹಳೇ ಕಾಯಿಲೆಗಳನ್ನು ಪಟ್ಟಿ ಮಾಡುವ ಕೆಲಸ ಅದು. ಆ ಪಟ್ಟಿಯ ಮೇಲೆ ಇನ್ಶೂರೆನ್ಸ್ ಕಂಪನಿಗೆ ಅಮೆರಿಕದ ಸರ್ಕಾರ ಕೊಡುವ ಹಣ ನಿಂತಿದೆ. ಒಂದು ಚಾರ್ಟ್ ನೋಡಿ. ಡಾಕ್ಟರ್ ಬರೆದದ್ದು ಇಷ್ಟು: ಎರಡನೇ ಬಗೆಯ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ಮುಂದುವರಿಸಿ. ರಕ್ತದೊತ್ತಡ, ಮಾತ್ರೆ ಅದೇ ಇರಲಿ. ಕೆಳಗಿನ ಲ್ಯಾಬ್ ಹಾಳೆಗಳಲ್ಲಿ ಕಿಡ್ನಿಯ ಜಿಎಫ್‌ಆರ್ ಆರು ತಿಂಗಳಿನಿಂದ 38ರ ಸುತ್ತ ಇದೆ.

ನೀವು ಓದಿದವರು. ಕಿಡ್ನಿ ಕಾಯಿಲೆ ಮೂರನೇ ಹಂತ ಅಂತ ನೋಡಿದ ಕೂಡಲೇ ಹೇಳುತ್ತೀರಿ. ಆದರೆ ಕೋಡ್ ಮಾಡುವ ಹಾಗಿಲ್ಲ. ಸಂಖ್ಯೆಯನ್ನು ಕಾಯಿಲೆ ಮಾಡುವ ಅಧಿಕಾರ ರೋಗಿಯನ್ನು ನೋಡಿದ ಡಾಕ್ಟರ್‌ಗೆ ಮಾತ್ರ. ಆದ್ದರಿಂದ ಇಲ್ಲಿ ಬರುವುದು ಸಕ್ಕರೆ ಕಾಯಿಲೆಗೆ E11.9, ಒತ್ತಡಕ್ಕೆ I10, ಮತ್ತು ಸಕ್ಕರೆಗೆ ಮಾತ್ರೆ ತಗೊಳ್ಳುತ್ತಿದ್ದಾರೆ ಅನ್ನುವ Z79.84. ಅಷ್ಟೇ. ಪ್ರಾಜೆಕ್ಟ್‌ನಲ್ಲಿ ಅವಕಾಶ ಇದ್ದರೆ ಡಾಕ್ಟರಿಗೆ ಪ್ರಶ್ನೆ ಕಳಿಸಬಹುದು. ಆಗಲೂ ‘ಇದು ಕಿಡ್ನಿ ಕಾಯಿಲೆ ಅಲ್ವಾ’ ಅಂತ ಉತ್ತರ ಬಾಯಿಗಿಟ್ಟು ಕೇಳುವ ಹಾಗಿಲ್ಲ.

ಈಗ ಡಾಕ್ಟರ್ ಒಂದೇ ಸಾಲು ಸೇರಿಸಿದರು ಅಂತಿಟ್ಟುಕೊಳ್ಳಿ: ‘ಸಿಕೆಡಿ ಹಂತ 3ಬಿ, ಮೂರು ತಿಂಗಳಿಗೆ ಮತ್ತೆ ಪರೀಕ್ಷೆ.’ ಸಿಕೆಡಿ ಅಂದರೆ ದೀರ್ಘಕಾಲದ ಕಿಡ್ನಿ ಕಾಯಿಲೆ. ಪೂರ್ತಿ ಪಟ್ಟಿಯೇ ಬದಲಾಗುತ್ತದೆ. ಕಿಡ್ನಿ ಸೇರಿದ ಸಕ್ಕರೆ ಕಾಯಿಲೆಗೆ E11.22, ಕಿಡ್ನಿ ಸೇರಿದ ಒತ್ತಡಕ್ಕೆ I12.9, ಕಿಡ್ನಿ ಕಾಯಿಲೆಯ ಹಂತಕ್ಕೆ N18.32, ಜೊತೆಗೆ ಅದೇ Z79.84. ಸಕ್ಕರೆಯಿಂದಲೇ ಕಿಡ್ನಿ ಕೆಟ್ಟಿತು ಅಂತ ಡಾಕ್ಟರ್ ಎಲ್ಲೂ ಬರೆದಿಲ್ಲ. ಒತ್ತಡದಿಂದ ಅಂತಲೂ ಬರೆದಿಲ್ಲ. ಆದರೂ ನಂಟು ಹಾಕುತ್ತೇವೆ. ಈ ಕಾಯಿಲೆಗಳು ಒಟ್ಟಿಗಿದ್ದರೆ ನಂಟು ಇದೆ ಅಂತ ಪುಸ್ತಕವೇ ಹೇಳುತ್ತದೆ, ಡಾಕ್ಟರ್ ಬೇರೆ ಕಾರಣ ಬರೆದಿದ್ದರೆ ಮಾತ್ರ ಬಿಡಬೇಕು.

ಹಾಗಾಗಿ ಕಾಯಿಲೆ ಇದೆ ಅನ್ನುವುದು ಡಾಕ್ಟರ್ ಬಾಯಿಂದಲೇ ಬರಬೇಕು. ಕೆಲವು ಕಾಯಿಲೆಗಳ ನಡುವಿನ ನಂಟು ಪುಸ್ತಕದಿಂದ ಬರುತ್ತದೆ. ನಿಮ್ಮ ವೈದ್ಯಕೀಯ ಓದಿನಿಂದ ಎರಡೂ ಬರುವುದಿಲ್ಲ. ಓದು ಉಪಯೋಗಕ್ಕೆ ಬರುವುದು ಎಲ್ಲಿ ಅಂದರೆ, ನಲವತ್ತು ಪುಟದ ಚಾರ್ಟಿನಲ್ಲಿ ಆ ಒಂದು ಸಾಲು ಎಲ್ಲಿ ಅಡಗಿರಬಹುದು ಅಂತ ಬೇಗ ಕಂಡುಹಿಡಿಯುವಲ್ಲಿ. ನನ್ನ ತಂಡದಲ್ಲಿ ಬಿಎಎಂಎಸ್ ಆದ ಕುಮಟಾದ ಹುಡುಗಿಯೊಬ್ಬಳು ಮೊದಲ ತಿಂಗಳು ದಿನಾ ನನ್ನ ಜೊತೆ ಜಗಳವಾಡುತ್ತಿದ್ದಳು. ಈಗ ಅವಳೇ ಹೊಸಬರ ಚಾರ್ಟ್‌ನಲ್ಲಿ ಲ್ಯಾಬ್ ನೋಡಿ ಹಾಕಿದ N18 ಕಂಡರೆ ಕೆಂಪು ಗುರುತು ಹಾಕಿ ವಾಪಸ್ ಕಳಿಸುತ್ತಾಳೆ.